ಜೊಂಪಣ್ಣನ ದಿನದ ಮಿತಿ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಜೊಂಪಣ್ಣ ಎಂದೇ ಕರೆಯುತ್ತಿದ್ದರು. ಕ್ಷೌರದ ಅಂಗಡಿ ಇಟ್ಟುಕೊಂಡವನಿಗೆ ಇದಕ್ಕಿಂತ ಅಪಾಯದ ಹೆಸರು ಇನ್ನೊಂದು ಸಿಗುವುದು ಕಷ್ಟ. ಹೊಸಬರು ಕುರ್ಚಿಯಲ್ಲಿ ಕೂತು, ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡ ಮೇಲೆ ಈ ಹೆಸರು ಕಿವಿಗೆ ಬಿದ್ದು ಉಗುಳು ನುಂಗಿದ್ದುಂಟು. ಆದರೆ ಸುಳ್ಳು ಹೇಳಬಾರದು, ಕತ್ತಿ ಹಿಡಿದಾಗ ಅವನು ತೂಕಡಿಸಿದ್ದನ್ನು ಯಾರೂ ಕಂಡಿಲ್ಲ. ಅವನ ಕೈ ಸದಾ ಎಚ್ಚರವಾಗಿರುತ್ತಿತ್ತು. ಮನಸ್ಸು ಮಾತ್ರ ಎದುರುಬದುರು ತೂಗುಹಾಕಿದ ಎರಡು ಕನ್ನಡಿಗಳ ನಡುವೆ ಎಲ್ಲೋ ಒಳಗೆ, ಏಳನೆಯದೋ ಎಂಟನೆಯದೋ ಅಂಗಡಿಯಲ್ಲಿ ಇರುತ್ತಿತ್ತು.

ಮಧ್ಯಾಹ್ನದ ಹೊತ್ತು ಬಿಸಿಲು ಬಾಗಿಲಿನಿಂದ ಬಂದು ಮೊದಲು ನೆಲದ ಕೂದಲ ಮೇಲೆ, ಆಮೇಲೆ ಬಾಚಣಿಗೆಗಳ ಗಾಜಿನ ಲೋಟದ ಮೇಲೆ, ಕೊನೆಗೆ ಕನ್ನಡಿಯೊಳಕ್ಕೆ ಹತ್ತುತ್ತಿತ್ತು. ಅದನ್ನು ನೋಡುತ್ತಾ ನಿಲ್ಲುವುದೇ ಅವನಿಗೊಂದು ಕೆಲಸ. ಗಿರಾಕಿಗಳು ಹೇಳುವ ಕತೆಗಳೂ ಆ ಬಿಸಿಲಿನ ಹಾಗೆಯೇ ಅವನೊಳಗೆ ಮೆಲ್ಲಗೆ ಹತ್ತಿಬಿಡುತ್ತಿದ್ದವು. ಆರು ವರ್ಷದ ಹಿಂದೆ ಒಬ್ಬ ಸಜ್ಜನ ಹೀಗೇ ಗಡ್ಡ ಬೋಳಿಸಿಕೊಳ್ಳುತ್ತಾ, ನೀರಿನ ಮೇಲೆ ತೇಲುವ ಮನೆಗಳನ್ನು ಕಟ್ಟುವ ತನ್ನ ಯೋಜನೆಯನ್ನು ವರ್ಣಿಸಿದ. ಕಿಟಕಿಯಿಂದ ಕೈ ಚಾಚಿದರೆ ನೀರು, ರಾತ್ರಿ ಮನೆಯೇ ತೊಟ್ಟಿಲು. ಗಡ್ಡ ಮುಗಿಯುವ ಹೊತ್ತಿಗೆ ಜೊಂಪಣ್ಣ ಆ ಮನೆಯಲ್ಲಿ ವಾಸಕ್ಕೆ ಹೋಗಿಯಾಗಿತ್ತು. ಫೋನು ತೆಗೆದು ಅರ್ಧ ಲಕ್ಷ ಕಳಿಸಿದ. ಸಜ್ಜನ ಕ್ಷೌರದ ದುಡ್ಡನ್ನೂ ಕೊಡದೆ ತೇಲಿಹೋದ.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ಬಂದು ಕೂತು, ಅವನ ಫೋನನ್ನು ತೊಡೆಯ ಮೇಲಿಟ್ಟುಕೊಂಡು, “ರೀ, ಫೋನಲ್ಲಿ ದಿನಕ್ಕೆ ಐದು ಸಾವಿರ ಸಾಕಲ್ವಾ?” ಎಂದಳು. ಸಾಕು ಎಂದ. ಬ್ಯಾಂಕಿನ ಆ್ಯಪ್‌ನಲ್ಲಿ ದಿನದ ಮಿತಿಯನ್ನು ಅವಳೇ ಇಳಿಸಿದಳು. ಕಣ್ಣು ಮಿಟುಕಿಸುವುದರಲ್ಲಿ ಇಳಿದುಹೋಯಿತು.

ಅಲ್ಲಿಂದೀಚೆಗೆ ಯಾರಾದರೂ ಕೈಸಾಲ ಕೇಳಿದರೆ, “ಇವತ್ತಿನ ಲಿಮಿಟ್ ಮುಗೀತಲ್ಲ ಮಾರಾಯ” ಎಂದು ನಗುತ್ತಾ ಜಾರಿಕೊಳ್ಳುವುದು ಅವನಿಗೆ ರೂಢಿಯಾಯಿತು. ಬೀದಿಯವರೂ ನಗುತ್ತಿದ್ದರು. ಆದರೆ ಒಳಗೊಳಗೆ ಅವನಿಗೆ ಅದು ಚುಚ್ಚುತ್ತಿತ್ತು. ಐವತ್ತು ದಾಟಿದ ಗಂಡಸಿಗೆ ಹೆಂಡತಿ ಹಗ್ಗ ಕಟ್ಟಿದ್ದಾಳೆ ಎಂಬ ನಾಚಿಕೆ ಅದು. ಅವಳಿಗೆ ಇಲ್ಲದ ಹಗ್ಗ ತನಗೊಬ್ಬನಿಗೇ ಎಂದುಕೊಂಡಾಗಲೆಲ್ಲ ಕತ್ತರಿಯನ್ನು ಸುಮ್ಮನೆ ಗಾಳಿಯಲ್ಲಿ ಎರಡು ಸಲ ಹೆಚ್ಚು ಆಡಿಸುತ್ತಿದ್ದ.

ಹೆಂಡತಿ ಇಪ್ಪತ್ತು ವರ್ಷ ಒಂದು ಕಿವಿಯ ಆಸ್ಪತ್ರೆಯಲ್ಲಿ ಸಹಾಯಕಿಯಾಗಿ ದುಡಿದವಳು. ಕಿವಿ ಮಂದವಾದವರನ್ನು ಕೂರಿಸಿ, ಯಂತ್ರದಿಂದ ಸಣ್ಣ ಸಣ್ಣ ಸದ್ದು ಕೇಳಿಸಿ, ಎಲ್ಲಿಯವರೆಗೆ ಕೇಳುತ್ತದೆ ಎಂದು ಗುರುತು ಹಾಕುವ ಕೆಲಸವನ್ನು ನೋಡಿ ನೋಡಿಯೇ ಕಲಿತಳು. ಈಗ ಅದನ್ನೇ ಓದಿ, ಸ್ವಂತಕ್ಕೆ ಪರೀಕ್ಷಿಸುವ ಪರವಾನಗಿಗೆ ಕೊನೆಯ ಪರೀಕ್ಷೆ ಬರೆಯುತ್ತಿದ್ದಳು. ಆ ಕೆಲಸಕ್ಕೆ ಬೇಕಾದ ದೊಡ್ಡ ವಸ್ತು ಯಂತ್ರವಲ್ಲ, ಮೌನ. ಸದ್ದೇ ಇಲ್ಲದ ಒಂದು ಕೋಣೆ. ಆ ಬೀದಿಯಲ್ಲಿ ಅಂಥದ್ದು ಒಂದೇ ಒಂದಿತ್ತು. ಜೊಂಪಣ್ಣನ ಅಂಗಡಿಯ ಮಹಡಿಯ ಮೇಲೆ ವಯಸ್ಸಾದ ಧ್ವನಿಮುದ್ರಣದವರೊಬ್ಬರು ಮೂವತ್ತು ವರ್ಷ ಇಟ್ಟುಕೊಂಡಿದ್ದ ಸ್ವಂತ ಕೋಣೆ ಅದು. ಗೋಡೆಗೆಲ್ಲ ದಪ್ಪ ಸ್ಪಂಜು, ಎರಡು ಪದರದ ಭಾರೀ ಬಾಗಿಲು.

ಒಮ್ಮೆ ಇಬ್ಬರೂ ಅದನ್ನು ನೋಡಲು ಹೋಗಿದ್ದರು. ಬಾಗಿಲು ಮುಚ್ಚಿದೊಡನೆ ಬೀದಿ ಎಂಬುದೇ ಇಲ್ಲವಾಯಿತು. ಬಸ್ಸು, ಹಾರ್ನು, ಕೆಳಗಿನ ಅಂಗಡಿಯ ಫ್ಯಾನು ಎಲ್ಲ ಕರಗಿ, ಜೊಂಪಣ್ಣನಿಗೆ ತನ್ನ ಕಿವಿಯೊಳಗೆ ತನ್ನದೇ ರಕ್ತ ಹರಿಯುವುದು ಕೇಳಿಸಿತು. ಹೆಂಡತಿ ನಡುವೆ ಕಣ್ಣು ಮುಚ್ಚಿ ನಿಂತಿದ್ದಳು. ಅವಳು ಉಸಿರಾಡುವ ಸದ್ದನ್ನು ಅಷ್ಟು ವರ್ಷಗಳಲ್ಲಿ ಅವನು ಮೊದಲ ಸಲ ಕೇಳಿದ. “ಇದು ಸಿಕ್ಕಿದ್ರೆ ಸಾಕು ರೀ,” ಎಂದಳು. ಅಷ್ಟು ಮೆಲ್ಲಗೆ ಅವಳು ಏನನ್ನೂ ಕೇಳಿದ್ದಿಲ್ಲ. ಧ್ವನಿಮುದ್ರಣದವರು ಮುಂದಿನ ತಿಂಗಳು ಖಾಲಿ ಮಾಡುತ್ತೇನೆ, ಕೋಣೆ ಬಾಡಿಗೆಗೆ ನಿಮಗೇ ಎಂದಿದ್ದರು. ಮುಂಗಡವೂ ಮುಂದಿನ ತಿಂಗಳೇ ಎಂದು ಮಾತಾಗಿತ್ತು.

ಪರೀಕ್ಷೆಯ ದಿನ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಧ್ವನಿಮುದ್ರಣದವರೇ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತರು.

“ಗಡ್ಡ ತೆಗಿ ಜೊಂಪಣ್ಣ. ಸಂಜೆ ರೈಲಿಗೆ ಹೊರಟೆ.”

“ಎಲ್ಲಿಗೆ ಸಾರ್?”

“ತಂಗಿ ಮನೆಗೆ. ಅವಳಿಗೆ ಹುಷಾರಿಲ್ಲ. ಇನ್ನು ಈ ಕಡೆ ಬರೋದು ಅನುಮಾನ. ಅದಕ್ಕೇ ಹೇಳೋಣ ಅಂತ ಬಂದೆ. ಆ ಗೋದಾಮಿನ ವ್ಯಾಪಾರಿ ಇದ್ದಾನಲ್ಲ, ಕೋಣೆ ಅವನಿಗೂ ಬೇಕಂತೆ, ರಟ್ಟಿನ ಪೆಟ್ಟಿಗೆ ತುಂಬೋಕೆ. ಸಂಜೆ ಬಂದು ಮುಂಗಡ ಹಾಕ್ತೀನಿ ಅಂತಾನೆ. ನಾನು ಮೊದಲು ಮಾತು ಕೊಟ್ಟಿದ್ದು ನಿಮಗೆ. ಎಂಬತ್ತು ಸಾವಿರ ನಾನು ಹೊರಡೋದ್ರೊಳಗೆ ನನ್ನ ಖಾತೆಗೆ ಬಂದ್ರೆ ಕೋಣೆ ನಿಮ್ಮದು. ಚೆಕ್ಕು ಗಿಕ್ಕು ಬೇಡಪ್ಪ, ನಾನು ಅಲ್ಲಿ ಕೂತು ಯಾವ ಬ್ಯಾಂಕಿಗೆ ಅಲೆಯಲಿ?”

ಜೊಂಪಣ್ಣನಿಗೆ ಮೌನ ತುಂಬಿದ ಆ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಛಾವಣಿಯವರೆಗೆ ಏರಿ ನಿಂತದ್ದು ಕನ್ನಡಿಯಲ್ಲೇ ಕಂಡಂತಾಯಿತು. ಹೆಂಡತಿಗೆ ಫೋನು ಮಾಡುವಂತಿರಲಿಲ್ಲ. ಪರೀಕ್ಷೆಯವರು ಗೇಟಿನಲ್ಲೇ ಫೋನು ಇಸಿದುಕೊಂಡಿದ್ದರು. ಇದೊಂದನ್ನು ತಾನೇ ಮಾಡಬೇಕು ಎಂದುಕೊಂಡ. ಖಾತೆಯಲ್ಲಿ ತೊಂಬತ್ತು ಸಾವಿರದ ಮೇಲೆ ಇತ್ತು. ಅವಳ ಕೋಣೆಗೆಂದೇ ಇಬ್ಬರೂ ಕೂಡಿಟ್ಟಿದ್ದ ದುಡ್ಡು.

ಫೋನಿನಲ್ಲಿ ಅವರ ಖಾತೆಯ ಸಂಖ್ಯೆ ಸೇರಿಸಿ ಎಂಬತ್ತು ಸಾವಿರ ಒತ್ತಿದ. ದಿನದ ಮಿತಿ ಐದು ಸಾವಿರ ಎಂದು ಆ್ಯಪ್ ಶಿಸ್ತಿನಿಂದ ನೆನಪಿಸಿತು. ಸರಿ, ಮಿತಿಯನ್ನೇ ಏರಿಸಿದರಾಯಿತು ಎಂದು ಹುಡುಕಿ ಹುಡುಕಿ, ಬ್ಯಾಂಕು ಬಿಡುವಷ್ಟೂ, ಅಂದರೆ ಒಂದು ಲಕ್ಷಕ್ಕೆ ಏರಿಸಿದ. ಹೊಸ ಮಿತಿ ಇಪ್ಪತ್ತನಾಲ್ಕು ಗಂಟೆಗಳ ನಂತರ ಜಾರಿಗೆ ಬರುತ್ತದೆ ಎಂದಿತು. ಇಳಿಸುವಾಗ ಇಲ್ಲದ ಬಿಗುಮಾನ ಏರಿಸುವಾಗ ಯಾಕೆ ಎಂದು ಜೊಂಪಣ್ಣ ಫೋನನ್ನೇ ಕೇಳಿದ. ಕದ್ದ ಫೋನಿನಲ್ಲಿ ಯಾರೂ ಮಿತಿ ಏರಿಸಿಕೊಂಡು ಅಲ್ಲೇ ದೋಚಬಾರದು ಎಂದು ಬ್ಯಾಂಕಿನವರು ಹಾಗೆ ಮಾಡಿರುತ್ತಾರೆ. ಫೋನು ಅವನದೇ, ದುಡ್ಡೂ ಅವನದೇ ಎಂಬುದು ಆ್ಯಪ್‌ಗೆ ಹೇಗೆ ಗೊತ್ತಾಗಬೇಕು?

ಗಡ್ಡ ಮುಗಿಸಿ ಅವರನ್ನು ಕಳಿಸಿ, ಅಂಗಡಿಯ ಬಾಗಿಲು ಅರ್ಧ ಎಳೆದು, ಪಕ್ಕದ ಪುಸ್ತಕದಂಗಡಿಯ ಗೆಳೆಯನ ಹತ್ತಿರ ಓಡಿದ. ಗೆಳೆಯನಿಗೆ ಗೊತ್ತಿಲ್ಲದ ವಿಷಯವಿರಲಿಲ್ಲ, ಪೂರ್ತಿ ಗೊತ್ತಿದ್ದ ವಿಷಯವೂ ಇರಲಿಲ್ಲ.

“ಫೋನ್ ಬಿಡೋ, ಕಂಪ್ಯೂಟರ್‌ನಲ್ಲಿ ಕಳ್ಸು. ಬ್ಯಾಂಕಿನ ವೆಬ್‌ಸೈಟಿಗೆ ಲಿಮಿಟ್ಟೇ ಬೇರೆ.”

ಅದು ನಿಜವೇ. ವೆಬ್‌ಸೈಟಿನಲ್ಲಿ ಅವನ ಮಿತಿ ಎರಡು ಲಕ್ಷ ಇತ್ತು. ಫೋನಿನಲ್ಲಿ ಹೆಂಡತಿ ಇಳಿಸಿದ್ದು ಅಲ್ಲಿಗೆ ತಾಕಿರಲೇ ಇಲ್ಲ. ಜೊಂಪಣ್ಣನ ಮುಖ ಅರಳಿತು. ಆದರೆ ಕಳಿಸಲು ಹೋದರೆ, ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ಹತ್ತು ಸಾವಿರ ಮಾತ್ರ ಎಂದು ಬಂತು. ಅರಳಿದ್ದು ಹಾಗೇ ಬಾಡಿತು.

“ಎಟಿಎಂ?” ಎಂದ ಗೆಳೆಯ.

“ಇಪ್ಪತ್ತು ಸಾವಿರದ ಮೇಲೆ ಕೊಡಲ್ಲ ಅದು.”

“ಹಾಗಾದ್ರೆ ಕಾರ್ಡು ಉಜ್ಜು! ಅಂಗಡೀಲಿ ಕಾರ್ಡ್ ಉಜ್ಜೋಕೆ ಇನ್ನೊಂದು ಲಿಮಿಟ್ಟು. ನನ್ನ ಭಾವ ಹೋದ ವಾರ ಒಂದೇ ಸಲ ಉಜ್ಜಿ ಅಷ್ಟು ದೊಡ್ಡ ಟಿವಿ ತಂದ.”

“ಅವರ ಹತ್ರ ಉಜ್ಜೋ ಮೆಷಿನ್ ಇಲ್ವಲ್ಲ.”

“ನಿನ್ನ ಹತ್ರ ಇದ್ಯಲ್ಲ!”

ಈ ಮಾತು ಇಬ್ಬರಿಗೂ ಅದ್ಭುತವಾಗಿ ಕಂಡಿತು. ಅಂಗಡಿಗೆ ಮರಳಿದ ಜೊಂಪಣ್ಣ ಗಿರಾಕಿಗಳಿಗೆಂದು ಇಟ್ಟಿದ್ದ ಕೈಮೆಷಿನ್ನನ್ನು ತೆಗೆದು, ಎಂಬತ್ತು ಸಾವಿರ ಒತ್ತಿ, ತನ್ನ ಕಾರ್ಡನ್ನು ತನ್ನ ಮೆಷಿನ್ನಿಗೇ ತೂರಿಸಿದ. ಗುಪ್ತಸಂಖ್ಯೆ ಒತ್ತಿದ. ಮೆಷಿನ್ನು ಕುಯ್ಯೆಂದು ಚೀಟಿ ಹೊರಹಾಕಿತು. ಧನ್ಯವಾದ, ಮತ್ತೆ ಬನ್ನಿ ಎಂದು ಅದರಲ್ಲಿ ಅಚ್ಚಾಗಿತ್ತು. ಆರು ವರ್ಷದ ಹಗ್ಗ ಬಿಚ್ಚಿಹೋದ ಹಾಗೆ ಅವನಿಗೆ ಹಗುರವಾಯಿತು. ಕನ್ನಡಿಯೊಳಗಿನ ಅಷ್ಟೂ ಜೊಂಪಣ್ಣರು ಅಷ್ಟೂ ಚೀಟಿಗಳನ್ನು ಹಿಡಿದು ಅವನತ್ತ ನಕ್ಕರು. ಆ ಖುಷಿಯಲ್ಲಿ ಎಷ್ಟು ಹೊತ್ತು ನಿಂತಿದ್ದನೋ. ಬಿಸಿಲು ಬಾಚಣಿಗೆಯ ಲೋಟದಿಂದ ಕನ್ನಡಿಗೆ ಹತ್ತಿತ್ತು.

ಆಮೇಲೆ ಮೆಷಿನ್ನಿನೊಳಗೆ ಬಂದ ದುಡ್ಡನ್ನು ಧ್ವನಿಮುದ್ರಣದವರಿಗೆ ಕಳಿಸುವ ಗುಂಡಿ ಯಾವುದೆಂದು ಹುಡುಕತೊಡಗಿದ. ಅಂಥ ಗುಂಡಿ ಇರಲಿಲ್ಲ. ಇರುವುದೂ ಇಲ್ಲ. ಮೆಷಿನ್ನಿಗೆ ಬಂದ ದುಡ್ಡು ಮಾರನೆಯ ದಿನ ಅಂಗಡಿಯವನ ಖಾತೆಗೆ ಸೇರುತ್ತದೆ. ಅಂದರೆ ಅವನದೇ ದುಡ್ಡು ನಾಳೆ ಅವನದೇ ಖಾತೆಗೆ, ಬ್ಯಾಂಕಿನ ಸಣ್ಣ ಕಮಿಷನ್ನು ಕಳೆದು. ದಿನಾ ಗಿರಾಕಿಗಳ ದುಡ್ಡು ಹೀಗೇ ಬರುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಾನೇ ಗಿರಾಕಿಯಾದಾಗ ಮರೆತುಹೋಗಿತ್ತು, ಅಷ್ಟೇ. ಫೋನು ನೋಡಿದರೆ ಖಾತೆಯಲ್ಲಿ ಹನ್ನೆರಡು ಸಾವಿರ ಉಳಿದಿತ್ತು.

ಮೊದಲು ಮಿತಿಯಿತ್ತು, ದುಡ್ಡೂ ಇತ್ತು. ಈಗ ದುಡ್ಡೇ ಇಲ್ಲ. ತಲೆಯ ಮೇಲೆ ಕೈ ಹೊತ್ತು ಗಿರಾಕಿಯ ಕುರ್ಚಿಯಲ್ಲೇ ಕೂತ. ಕೋಣೆ ಹೋಯಿತಲ್ಲ ಎಂಬ ದುಃಖಕ್ಕಿಂತ, ಅವಳು ಬಂದು ಮತ್ತೆ ಬೈಯದೆ ಪಕ್ಕದಲ್ಲಿ ಕೂರುತ್ತಾಳಲ್ಲ ಎಂಬುದೇ ಅವನನ್ನು ಹೆಚ್ಚು ಹಿಂಡಿತು. ನಾಚಿಕೆ ಒಂದಿಷ್ಟು ಹೊತ್ತು ಕೂರಿಸಿತು, ಆಮೇಲೆ ಅದೇ ಎಬ್ಬಿಸಿತು. ಮೆಷಿನ್ನನ್ನು ಕೋಳಿ ಹಿಡಿದ ಹಾಗೆ ಕಂಕುಳಲ್ಲಿ ಅವುಚಿಕೊಂಡು, ಮೈಮೇಲಿನ ಕೂದಲನ್ನೂ ಕೊಡವದೆ ಬ್ಯಾಂಕಿಗೆ ಓಡಿದ.

ಬ್ಯಾಂಕಿನಲ್ಲಿ ಜನ ಹೆಚ್ಚಿರಲಿಲ್ಲ. ಫ್ಯಾನು ನಿಧಾನವಾಗಿ ತಿರುಗುತ್ತಿತ್ತು, ಗೋಡೆಯ ಗಡಿಯಾರ ಅದಕ್ಕಿಂತ ನಿಧಾನ ಎನ್ನಿಸುವಂತಿತ್ತು. ಕೌಂಟರಿನಲ್ಲಿ ಕೂತಿದ್ದ ಹೆಂಗಸು ಅವನ ಕತೆಯನ್ನು ತೇಲುವ ಮನೆಯಿಂದ ಹಿಡಿದು ಚೀಟಿಯವರೆಗೆ ಪೂರ್ತಿ ಕೇಳಿದಳು. ಬಾಯಿಗೆ ಕೈ ಅಡ್ಡ ಹಿಡಿದದ್ದು ಆಕಳಿಕೆಗೋ ನಗುವಿಗೋ ತಿಳಿಯಲಿಲ್ಲ.

“ಅಲ್ಲಣ್ಣ, ಮೊದಲೇ ಇಲ್ಲಿಗೆ ಬರೋದಲ್ವಾ? ಫೋನಿನ ಲಿಮಿಟ್ ಫೋನಿಗೆ. ವೆಬ್‌ಸೈಟಿಂದು ಅದಕ್ಕೆ. ಕಾರ್ಡಿಂದು ಕಾರ್ಡಿಗೆ. ಒಂದರದ್ದು ಇನ್ನೊಂದಕ್ಕೆ ಲೆಕ್ಕ ಇಲ್ಲ. ಕೌಂಟರಿಗೆ ನೀವೇ ಬಂದು, ಗುರುತಿನ ಚೀಟಿ ತೋರಿಸಿ ಸಹಿ ಹಾಕಿದ್ರೆ ಇವ್ಯಾವುವೂ ಅಡ್ಡ ಬರಲ್ಲ. ಎಂಬತ್ತಲ್ಲ, ಎಂಟು ಲಕ್ಷ ಕಳ್ಸಿ.”

“ಹಾಗಾದ್ರೆ ಕಳ್ಸಿಬಿಡಿ ಮೇಡಂ!”

“ಏನನ್ನ ಕಳ್ಸಲಿ? ಖಾತೇಲಿ ಹನ್ನೆರಡು ಸಾವಿರ ಇದೆ.”

ಜೊಂಪಣ್ಣ ನಾಲಿಗೆ ಕಚ್ಚಿಕೊಂಡ. ಆಕೆ ಚೀಟಿಯನ್ನು ತಿರುಗಿಸಿ ನೋಡಿದಳು.

“ಇರಿ. ಇದು ನಮ್ಮದೇ ಬ್ಯಾಂಕಿನ ಮೆಷಿನ್ನು, ನಮ್ಮದೇ ಕಾರ್ಡು. ದಿನದ ಲೆಕ್ಕ ಮುಚ್ಚೋ ಗುಂಡಿ ಒತ್ತಿದ್ರಾ?”

ಅದು ಅವನು ಪ್ರತಿದಿನ ಅಂಗಡಿ ಬಾಗಿಲು ಎಳೆಯುವಾಗ ಒತ್ತುವ ಗುಂಡಿ. ಇವತ್ತು ಬಾಗಿಲು ಅರ್ಧ ಮಾತ್ರ ಎಳೆದಿದ್ದ. ಒತ್ತಿದೆನೋ ಇಲ್ಲವೋ? ನೆನಪು ಮಾಡಿಕೊಂಡರೆ ಬಿಸಿಲೊಂದೇ ನೆನಪಾಯಿತು. ಆಕೆ ಮೆಷಿನ್ನನ್ನು ಗಾಜಿನ ಕೆಳಗಿನಿಂದ ಎಳೆದುಕೊಂಡು ನೋಡಿದಳು. ಮುಚ್ಚಿರಲಿಲ್ಲ.

“ಪುಣ್ಯ ಮಾಡಿದ್ರಿ. ಮುಚ್ಚಿದ್ರೆ ನಾಳೆವರೆಗೆ ನಾನೂ ಏನೂ ಮಾಡೋಕಾಗ್ತಿರಲಿಲ್ಲ. ಈಗ ರದ್ದು ಮಾಡಿ. ಬೇರೆ ಬ್ಯಾಂಕಿನ ಕಾರ್ಡಾಗಿದ್ರೆ ದುಡ್ಡು ವಾಪಸ್ ಬರೋಕೆ ದಿನಗಟ್ಟಲೆ ಹಿಡೀಬಹುದಿತ್ತು. ಇದು ಬೇಗ ಬರಬೇಕು.”

ಕೌಂಟರಿನ ಎದುರೇ ನಿಂತು, ಚೀಟಿಯ ಸಂಖ್ಯೆ ನೋಡಿ ನೋಡಿ ಒತ್ತಿ, ಕಾರ್ಡು ಮತ್ತೆ ತೂರಿಸಿ ರದ್ದು ಮಾಡಿದ. ಮೆಷಿನ್ನು ಇನ್ನೊಂದು ಚೀಟಿ ಹಾಕಿತು. ಆಕೆ ಪರದೆ ನೋಡಿದಳು. ಇನ್ನೂ ಹನ್ನೆರಡು ಸಾವಿರವೇ. ಜೊಂಪಣ್ಣ ಬೆಂಚಿನಲ್ಲಿ ಕೂತ. ಫ್ಯಾನಿನ ನೆರಳು ನೆಲದ ಮೇಲೆ ಸುತ್ತುತ್ತಿತ್ತು. ದುಡ್ಡು ಈಗ ಎಲ್ಲಿರಬಹುದು ಎಂದು ಯೋಚಿಸಿದ. ಮೆಷಿನ್ನಿನಿಂದ ಹೊರಟಿದೆ, ಖಾತೆಗೆ ತಲುಪಿಲ್ಲ, ನಡುವೆ ಎಲ್ಲೋ ಒಂದು ಉದ್ದನೆಯ, ಬೆಳಕಿಲ್ಲದ, ಸದ್ದಿಲ್ಲದ ಹಾದಿಯಲ್ಲಿ ಅವಳ ಕೋಣೆ ಒಂಟಿಯಾಗಿ ನಡೆದು ಬರುತ್ತಿದೆ. ಬಾ ತಾಯಿ, ಬೇಗ ಬಾ ಎಂದು ಮನಸ್ಸಿನಲ್ಲೇ ಕರೆದ. ಕರೆಯುತ್ತ ಕರೆಯುತ್ತ ಕಣ್ಣು ಎಳೆಯಿತು. ಇಷ್ಟು ದೊಡ್ಡ ಆತಂಕದಲ್ಲೂ ಜೊಂಪು ಹತ್ತುವವನಿಗೆ ಆ ಹೆಸರಲ್ಲದೆ ಇನ್ನೇನು ಇಡಬೇಕು?

“ಅಣ್ಣ, ಬಂತು!”

ಎದ್ದು ಬಿದ್ದು ಹೋಗಿ ಗುರುತಿನ ಚೀಟಿ ತೋರಿಸಿದ, ಅರ್ಜಿ ತುಂಬಿದ, ಸಹಿ ಹಾಕಿದ. ಸಹಿಯ ಮೇಲೆ ತೋಳಿನಿಂದ ಒಂದಿಷ್ಟು ಬಿಳಿ ಕೂದಲು ಉದುರಿತು. ಅರ್ಧ ಗಂಟೆಯೊಳಗೆ ಅವರ ಖಾತೆಗೆ ತಲುಪುತ್ತದೆ ಎಂದು ಆಕೆ ಮುದ್ರೆ ಒತ್ತಿ ಕೊಟ್ಟಳು. ಅವನ ಹಿಂದೆಯೇ ಕೌಂಟರಿನ ಕಿಟಕಿ ಮುಚ್ಚಿತು.

ಪರೀಕ್ಷೆಯ ಗೇಟಿನಲ್ಲಿ ಹೆಂಡತಿ ಹೊರಬಂದಾಗ ಅವನು ಏನನ್ನೂ ಹೇಳದೆ ಅವಳ ಕೈಹಿಡಿದು ನಡೆದ. “ಏನ್ರೀ ಇದು, ಮೈಯೆಲ್ಲ ಕೂದಲು?” ಎಂದು ದಾರಿಯುದ್ದಕ್ಕೂ ಅವಳು ಅವನ ಬೆನ್ನು ಕೊಡವುತ್ತಾ ಬಂದಳು. ಮಹಡಿ ಹತ್ತಿದಾಗ ಧ್ವನಿಮುದ್ರಣದವರು ಪೆಟ್ಟಿಗೆ ಕಟ್ಟಿ ಕೂತಿದ್ದರು. ದುಡ್ಡು ಬಂತಪ್ಪ ಎಂದು ಬೀಗದ ಕೈಯನ್ನು ಅವಳ ಕೈಗೇ ಕೊಟ್ಟರು. ಹೆಂಡತಿ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ನಡೆದದ್ದನ್ನೆಲ್ಲ ಅವನ ಬಾಯಿಂದ ಕೇಳಿ, ಕಾರ್ಡನ್ನು ತನ್ನ ಮೆಷಿನ್ನಿಗೇ ಉಜ್ಜಿದ ಕಡೆಗೆ ಬಂದಾಗ ಗೋಡೆಗೊರಗಿ ನಕ್ಕಳು.

ಆದರೆ ಬಾಗಿಲ ಬಳಿ ಬಡಗಿಯೊಬ್ಬ ತಿರುಪುಳಿ ಹಿಡಿದು ನಿಂತಿದ್ದ.

“ಈ ಜೋಡಿ ಬಾಗಿಲು ನಾನು ಹಾಕಿಸಿದ್ದಮ್ಮ,” ಎಂದರು ಧ್ವನಿಮುದ್ರಣದವರು ಸಂಕೋಚದಿಂದ. “ಮುಂಗಡದಲ್ಲಿ ಸೇರಿಲ್ಲ. ಈ ಬಡಗಿ ಎಂಟು ಸಾವಿರ ಕೊಟ್ಟು ಒಯ್ತೀನಿ ಅಂತಾನೆ. ನನಗೂ ಅಲ್ಲಿ ಔಷಧಿ ಖರ್ಚಿದೆ. ನೀವು ಅಷ್ಟೇ ಕೊಟ್ರೆ ಬಾಗಿಲು ಇಲ್ಲೇ ಇರುತ್ತೆ.”

ಬಾಗಿಲಿಲ್ಲದಿದ್ದರೆ ಅದು ಬರಿಯ ಕೋಣೆ. ಜೊಂಪಣ್ಣ ಫೋನು ತೆಗೆದ. ಐದು ಸಾವಿರಕ್ಕೆ ನಿಂತಿತು. ಬ್ಯಾಂಕೂ ಗೆಳೆಯನ ಅಂಗಡಿಯೂ ಮುಚ್ಚಿಯಾಗಿತ್ತು, ಎಟಿಎಂಗೆ ಓಡಿಬರುವಷ್ಟು ಹೊತ್ತಿರಲಿಲ್ಲ, ಆಟೋ ಕೆಳಗೆ ಬಂದು ನಿಂತಿತ್ತು.

“ಏ ಇವಳೇ, ನೀನು ಕಳ್ಸು. ನಿಂಗೇನು ಲಿಮಿಟ್ಟಾ ಗಿಮಿಟ್ಟಾ,” ಎಂದ. ನಗುತ್ತಲೇ ಹೇಳಿದ್ದು, ಆದರೆ ಆರು ವರ್ಷದ ಮುಳ್ಳು ಅದರಲ್ಲಿ ಸ್ವಲ್ಪ ಹೊರಗೆ ಇಣುಕಿತು.

ಅವಳು ಚೀಲದಿಂದ ಫೋನು ತೆಗೆದಳು.

“ನಂದೂ ಅಷ್ಟೇ ರೀ.”

“ಅಷ್ಟೇ ಅಂದ್ರೆ?”

“ದಿನಕ್ಕೆ ಐದು ಸಾವಿರ. ನಿಮ್ಮದು ಇಳಿಸಿದ ದಿನವೇ ನಂದೂ ಇಳಿಸ್ದೆ. ನಿಮಗೊಬ್ಬರಿಗೇ ಹಾಕಿದ್ರೆ ಅದು ಶಿಕ್ಷೆ ಆಗಿಬಿಡ್ತಿತ್ತು.”

“ಮತ್ತೆ ನಿನ್ನ ಓದಿನ ಫೀಸು?”

“ಕೌಂಟರಿಗೆ ಹೋಗಿ ಕಟ್ತಿದ್ದೆ.”

“ನಂಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಸುಮ್ನಿರ್ತಿದ್ರಾ? ನಂದು ತೆಗೆಸಿಬಿಡ್ತಿದ್ರಿ.”

ಜೊಂಪಣ್ಣ ಫೋನಿನ ಮೇಲೆ ಐದು ಸಾವಿರ ಒತ್ತಿದ. ಅವಳು ಮೂರು ಸಾವಿರ ಒತ್ತಿದಳು. ಧ್ವನಿಮುದ್ರಣದವರ ಫೋನು ಒಂದರ ಹಿಂದೊಂದು ಎರಡು ಸಲ ಟಿಣ್ ಎಂದಿತು. ಬಡಗಿ ತಿರುಪುಳಿಯನ್ನು ಜೇಬಿಗೆ ಹಾಕಿಕೊಂಡು ಅವರ ಪೆಟ್ಟಿಗೆ ಹೊತ್ತು ಅವರ ಜೊತೆ ಕೆಳಗಿಳಿದ.

“ಒಂದು ಮಾತು,” ಎಂದ ಜೊಂಪಣ್ಣ ತಡೆದು ತಡೆದು. “ಗಾಬರೀಲಿ ನಂದು ಲಕ್ಷಕ್ಕೆ ಏರಿಸಿಬಿಟ್ಟಿದೀನಿ. ನಾಳೆಯಿಂದ ಜಾರಿ.”

“ಅಯ್ಯೋ,” ಎಂದಳು ಅವಳು. “ಹಾಗಾದ್ರೆ ನಂದೂ ಏರಿಸ್ಬೇಕಾಯ್ತು.”

ಅವಳು ಬಾಗಿಲನ್ನು ಎಳೆದು ಮುಚ್ಚಿದಳು. ಬೀದಿ ಇಲ್ಲವಾಯಿತು. ಜೊಂಪಣ್ಣ ಆ ಕೋಣೆಯ ನಡುವೆ ನಿಂತು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ, ಹೊರಗೆ ಯಾರಿಗೂ ಕೇಳಿಸಲಿಲ್ಲ.